ಹಂಸಗರ್ಜಿನಿಯ ನಾಮಕರಣ ಪ್ರಸಂಗ

ಹೆಸರಿಡುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಕಲ್ಯಾಣದಿಂದ ಚರ್ಚ್‌ಗೇಟ್‌ವರೆಗೆ ಯಾರೂ ಇಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. 'ಹೇಳುತ್ತಿದ್ದೆ' ಎಂದದ್ದನ್ನು ದಯವಿಟ್ಟು ಗಮನಿಸಿ. ಈಗ ಹೇಳುವುದಿಲ್ಲ!

ನಾನು ದಾನೇಶ್ವರಿ. ಹುಟ್ಟಿದ್ದು ಬಾಗಲಕೋಟೆ ಕಡೆ, ಬಾಳುವೆ ಘಾಟ್ಕೋಪರಿನಲ್ಲಿ. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ತೊಟ್ಟಿಲಿಗೆ ಹಾಕುವ ದಿನ ಅಪ್ಪನ ಅಕ್ಕನೋ ತಂಗಿಯೋ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್...' ಎಂದು ಹೆಸರು ಹೇಳಬೇಕು. ಹೇಳಿ ಮುಗಿಸುವ ಮೊದಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ಗುದ್ದುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ! ಸ್ವಂತ ಅಣ್ಣ, ತಮ್ಮ, ಚಿಕ್ಕಪ್ಪನ ಮಕ್ಕಳು, ದೊಡ್ಡಪ್ಪನ ಮಕ್ಕಳು ಎಂದು ನನಗೆ ಒಂದು ದಂಡೇ ಇರುವುದರಿಂದ ನನ್ನ ಬೆನ್ನು ಈ ಸೇವೆಯಲ್ಲಿ ಸವೆದುಹೋಗಿದೆ.

ಈ ಕೀರ್ತಿ ಬಂಧುಬಳಗಕ್ಕೇ ಸೀಮಿತವಾಗಿ ಉಳಿಯಲಿಲ್ಲ. ಕೆಳಗಿನ ಬ್ಯೂಟಿ ಪಾರ್ಲರಿಗೆ, ನಮ್ಮ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ, ಲಿಫ್ಟಿನೊಳಗೆ ಮರಿ ಹಾಕಿದ ಬೆಕ್ಕಿಗೆ, ಎಲ್ಲಕ್ಕೂ ಹೆಸರು ನನ್ನದೇ. ನನ್ನ ಪತಿದೇವರಾದ ಶಶಿಕಾಂತ ಇದನ್ನೊಂದು ಕಾಯಿಲೆ ಎಂದು ತಿಳಿದಿದ್ದಾರೆ.

"ನಿನ್ನ ತಮ್ಮನ ಮಗನಿಗೆ ಧೈರ್ಯಶೀಲ ಅಂತ ಇಟ್ಟಿ. ಅಂವ ಹಲ್ಲಿ ಕಂಡ್ರ ಮಂಚ ಏರ್ತಾನ."

"ಹೆಸರಂದ್ರ ಹಾರೈಕಿ ರೀ! ಮುಂದ ಧೈರ್ಯ ಬರಲಿ ಅಂತ ಇಡೂದು!"

"ಬರೂತನಕ ಮಂಚ ಗಟ್ಟಿ ಇರಬೇಕಲ್ಲ!"

ಇಂಥವರ ಮಾತಿಗೆ ಕಿವಿಗೊಟ್ಟರೆ ಕಲೆ ಬೆಳೆಯುವುದುಂಟೆ? ಹಾಗಾಗಿ, ಮಲಾಡಿನಲ್ಲಿರುವ ನನ್ನ ಅಣ್ಣ ಗುರುಪಾದನ ಮಗಳು ಶ್ರಾವ್ಯಾ ತನಗೊಂದು ಹೊಸ ಹೆಸರು ಬೇಕಾಗಿದೆ ಎಂದಾಗ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ. ಜಗತ್ತೇ ಬೆರಗಾಗುವಂಥ ಹೆಸರಿಡುತ್ತೇನೆ ಎಂದು ಅಲ್ಲೇ ಸಂಕಲ್ಪ ಮಾಡಿದೆ!

ಶ್ರಾವ್ಯಾ ಎಂಬ ಹೆಸರೂ ನಾನೇ ಇಟ್ಟದ್ದು. ಕೇಳಲು ಇಂಪಾದವಳು ಎಂದರ್ಥ. ಕಾಲೇಜಿಗೆ ಬಂದರೂ ಅವಳ ದನಿ ಕೇಳಿದವರು ಕಡಿಮೆ. ಏನಾದರೂ ಯೋಚನೆ ಬಂದರೆ ಒಂದು ಕಾಲು ಮಡಚಿ, ಇನ್ನೊಂದರ ಮೇಲೆ ನಿಂತುಬಿಡುತ್ತಾಳೆ, ಅಷ್ಟೆ. ಚಿಕ್ಕಂದಿನಿಂದ ಹಾಗೇ. ಹೋದ ವರ್ಷ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಮೈಕಿನ ಮುಂದೆ ಹೋಗಿ, ಬಾಯಿ ತೆರೆದು, ಮುಚ್ಚಿ, ಅಳುತ್ತಾ ಇಳಿದು ಓಡಿಹೋದಳು. ಆಮೇಲೆ ಎಷ್ಟೋ ದಿನ ಕಾಲೇಜಿಗೆ ಹೋಗಲು ಒಪ್ಪಲಿಲ್ಲ. ಅವಳ ಅವ್ವ ಶೀತಲ್ ವೈನಿ ನನ್ನೆದುರು ಕಣ್ಣು ಒರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಅಂಥ ಹುಡುಗಿ ಈಗ ತಾನಾಗಿಯೇ ವೇದಿಕೆ ಹತ್ತಲು ಹೊರಟಿದ್ದಳು! ಮಲಾಡಿನ ದೊಡ್ಡ ಹಾಲ್ ಒಂದರಲ್ಲಿ ಕಾಸ್‌ಪ್ಲೇ ಸ್ಪರ್ಧೆ. ವೇಷವನ್ನು ಸ್ವತಃ ತಯಾರಿಸಬೇಕು, ತೊಟ್ಟು ವೇದಿಕೆಯ ಮೇಲೆ ನಡೆಯಬೇಕು, ತೀರ್ಪುಗಾರರ ಪ್ರಶ್ನೆಗೆ ಉತ್ತರಿಸಬೇಕು. ಮಲಾಡಿನ ಮನೆಯಲ್ಲಿ ರೆಕ್ಕೆ ಬಿಚ್ಚಿದರೆ ಬಾಗಿಲು ಮುಚ್ಚುವುದಿಲ್ಲ ಎಂದು ಅವಳು ನಮ್ಮ ಹಾಲಿನಲ್ಲಿ ಕಾರ್ಖಾನೆ ಹೂಡಿದ್ದಳು. ಫೋಮ್ ಹಾಳೆಯನ್ನು ಒಂದೊಂದೇ ಗರಿಯಾಗಿ ಕತ್ತರಿಸಿ, ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಬಾಗಿಸಿ, ಪ್ಲಾಸ್ಟಿಕ್ ಪೈಪಿನ ಚೌಕಟ್ಟಿಗೆ ಅಂಟಿಸಿ, ಗುಲಾಬಿ ಬಣ್ಣ ಬಳಿಯುತ್ತಿದ್ದಳು. ಅಂಟಿನ ವಾಸನೆಗೆ ನಮ್ಮ ಮನೆಯ ಸೊಳ್ಳೆಗಳೆಲ್ಲ ವಲಸೆ ಹೋದವು. ಆಚೆ ಮನೆಯ ರೋಷನಬಿ, ವಿಜಾಪುರದವಳು, ಟೇಲರು, ರೆಕ್ಕೆಗೆ ಒಳಬಟ್ಟೆಯನ್ನೂ ಶಾಲೆ ಚೀಲದಂಥ ಪಟ್ಟಿಯನ್ನೂ ಹೊಲಿದುಕೊಟ್ಟಿದ್ದಳು.

"ಇದು ಬಯಲಾಟದ ವೇಷ ಇದ್ದಂಗ ಏನವಾ?" ಎಂದು ಶಶಿಕಾಂತ ಕೇಳಿದರು.

"ಹೂಂ ಮಾಮಾ, ಆಲ್‌ಮೋಸ್ಟ್ ಹಂಗ," ಎಂದಳು ಶ್ರಾವ್ಯಾ. "ಮಂದಿ ಸಿನಿಮಾದ್ದು, ಕಾಮಿಕ್ಸಿಂದು ಪಾತ್ರ ಮಾಡ್ತಾರ. ನಂದು ಒರಿಜಿನಲ್. ಖಾಡಿ ಕಾಯೋ ಫ್ಲೆಮಿಂಗೊ."

ಖಾಡಿ ಎಂದರೆ ಸಮುದ್ರದ ಹಿನ್ನೀರು. ಚಳಿಗಾಲದಲ್ಲಿ ನಮ್ಮ ಮುಂಬಯಿಯ ಖಾಡಿಯ ಕೆಸರಿಗೆ ಫ್ಲೆಮಿಂಗೊ ಹಿಂಡು, ನಮ್ಮ ರಾಜಹಂಸಗಳು, ಬಂದು ಇಳಿಯುತ್ತದಲ್ಲ, ಆ ನೀರಿಗೆ ಕಾವಲು ನಿಂತ ಒಂದು ಹಕ್ಕಿ. ಕೈಯಲ್ಲಿ ಜೊಂಡಿನ ಈಟಿ, ತಲೆಗೆ ಕಪ್ಪು ತುದಿಯ ಕೊಕ್ಕಿನ ಟೋಪಿ. ವೇಷ ನಿಜಕ್ಕೂ ಚೆಂದವಿತ್ತು.

"ಹೆಸರು ಯಾತಕ್ಕ ಮತ್ತ? ಫ್ಲೆಮಿಂಗೊ ಅಂದ್ರ ಸಾಲದೇನು?"

"ಅದು ಪಾತ್ರ, ಮಾಮಾ. ಪಾತ್ರ ಮುಂದ ಬ್ಯಾರೆ ಆಗತೈತಿ. ಇದು ನನ್ನ ಹೆಸರು. ಬ್ಯಾಡ್ಜ್ ಮ್ಯಾಲೆ ಅದ ಇರತೈತಿ, ಸ್ಟೇಜ್ ಮ್ಯಾಲೆ ಅದ ಕರೀತಾರ, ಇನ್‌ಸ್ಟಾದಾಗೂ ಅದ. ಒಮ್ಮೆ ಮಂದಿ ಕರದ್ರಂದ್ರ ಆತು, ಅಂಟಿಬಿಡತೈತಿ. ಅದಕ್ಕ ಅರ್ಧ ಕಾಸ್ಟ್ಯೂಮಿನ ಗುಣ ಇರಬೇಕು, ಅರ್ಧ ನನ್ನ ಗುಣ."

ಅವಳ ಬಾಯಿಂದ ಇಷ್ಟುದ್ದದ ಮಾತು ಕೇಳಿ ನಾವಿಬ್ಬರೂ ಬೆಚ್ಚಿದೆವು. ಅಂದೇ ಸಂಜೆ ಹೆಸರು ನೋಂದಾಯಿಸುವ ಕೊನೆಯ ಗಡುವು. ಒಮ್ಮೆ ಕಳಿಸಿದರೆ ತಿದ್ದಲು ಬರುವುದಿಲ್ಲ, ಬ್ಯಾಡ್ಜು ಅಚ್ಚಿಗೆ ಹೋಗುತ್ತದೆ.

"ಅತ್ತಿ, ನಾ ಒಂದು ಹೆಸರು..." ಎಂದು ಶ್ರಾವ್ಯಾ ಶುರು ಮಾಡಿದಳು.

"ನೀ ಕಾಳಜಿ ಬಿಡವಾ! ಅತ್ತಿ ಇರೂದ ಯಾತಕ್ಕ?" ಎಂದು ನಾನು ಚಾಪೆ ಹಾಸಿ ಕುಳಿತೆ.

ಅವಳು ಪದ್ಧತಿ ಹೇಳಿಕೊಟ್ಟಳು. ಒಂದು ಕಡೆ ವೇಷಕ್ಕೆ ಸಂಬಂಧಿಸಿದ ಮಾತುಗಳನ್ನೆಲ್ಲ ಸುರಿದುಕೊಳ್ಳಬೇಕು. ಬಣ್ಣ, ಆಕಾರ, ಜಾಗ, ಅದು ಹೇಗೆ ನಿಲ್ಲುತ್ತದೆ, ಹೇಗೆ ನಡೆಯುತ್ತದೆ. ನಾನು ಗುಲಾಬಿ, ಖಾಡಿ, ಕೆಸರು, ಗರಿ, ಕೊಕ್ಕು, ಹಂಸ ಎಂದೆ. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಇನ್ನೊಂದು ಕಡೆ ತೊಡುವವರ ಸ್ವಭಾವ ಬರಬೇಕು. ಅದನ್ನು ತಾವೇ ಹೇಳಿಕೊಂಡರೆ ಬಡಾಯಿಯಾಗುತ್ತದೆಂದು ಬಲ್ಲವರನ್ನು ಕೇಳಬೇಕಂತೆ. ಅವಳು ಗೆಳತಿಯರನ್ನು ಕೇಳಿದ್ದಳು.

"ಏನಂದ್ರು?"

"ಎಲ್ಲಾರೂ ಒಂದ ಅಂದ್ರು. ಗಪ್."

"ಗಪ್ ಅಂದ್ರ ಸುಮ್ನಿರೂದು! ಅದೂ ಒಂದು ಗುಣ ಏನ? ಅದು ಗುಣ ಇಲ್ಲದ್ದರ ಗುಣ!"

"ಅತ್ತಿ, ಅದನ್ನ ಹಿಡಕೊಂಡು ನಾ..."

"ನಾ ಬರಸ್ತೀನಿ ತಡಿ," ಎಂದು ನಾನೇ ಅವಳ ಸ್ವಭಾವ ಹೇಳತೊಡಗಿದೆ. ಧೀರೆ! ಯಾರಿಗೂ ಅಂಜದಾಕಿ! ಬಾಯಿ ತೆಗೆದರೆ ಓಣಿಯೇ ನಡುಗಬೇಕು! ಎದುರು ನಿಂತವರು ಎರಡು ಹೆಜ್ಜೆ ಹಿಂದೆ ಸರಿಯಬೇಕು!

ಶಶಿಕಾಂತ ಪತ್ರಿಕೆ ಕೆಳಗಿಳಿಸಿದರು. "ಇದು ಯಾರ ವರ್ಣನೆ?"

"ಶ್ರಾವ್ಯಾಂದು!"

"ನಾ ಬ್ಯಾರೆ ಯಾರೋ ಅಂತ ತಿಳದೆ. ಭಾಳ ವರ್ಷದಿಂದ ಅವರ ಜೋಡಿ ಸಂಸಾರ ಮಾಡಾಕತ್ತೀನಿ."

ಶ್ರಾವ್ಯಾ ಭುಜ ಕುಣಿಸಿ ನಕ್ಕಳು. ಶಬ್ದವಿಲ್ಲ. ಅವಳು ನಗುವುದೂ ಹಾಗೆಯೇ.

ಇನ್ನು ಬೆಸುಗೆಯ ಕೆಲಸ. ಎರಡು ಕಡೆಯಿಂದ ಒಂದೊಂದು ಮಾತು ತೆಗೆದು ಜೋಡಿಸಬೇಕು, ಹಿಂದುಮುಂದು ಮಾಡಬೇಕು, ಒಂದರ ತಲೆಗೆ ಇನ್ನೊಂದರ ಬಾಲ ಸೇರಿಸಬೇಕು. 'ಗುಲಾಬಿಧೀರೆ' ಎಂದೆ. ಗುಲ್ಕಂದಿನ ಬ್ರ್ಯಾಂಡಿನಂತಿದೆ ಎಂದರು ಪತಿ. 'ಖಾಡಿಕಾಳಿ' ಎಂದೆ. ದೇವರ ಹೆಸರು ವೇಷಕ್ಕೆ ಬೇಡ ಎಂದಳು ಹುಡುಗಿ. ಹೀಗೆ ಬೆಸೆಯುತ್ತಾ, ಬಿಚ್ಚುತ್ತಾ, ಚಹಾ ಕುಡಿಯುತ್ತಾ ಇದ್ದಾಗ ನನ್ನ ನಾಲಿಗೆಗೆ ಸಾಕ್ಷಾತ್ ಸರಸ್ವತಿಯೇ ಬಂದು ಕುಳಿತಳು.

"ಹಂಸಗರ್ಜಿನಿ!"

ಮನೆ ನಿಶ್ಶಬ್ದವಾಯಿತು. ಗೌರವದಿಂದ ಎಂದು ನಾನು ಭಾವಿಸಿದೆ.

"ಹಂಸ ಅಂದ್ರ ವೇಷ, ಗರ್ಜನೆ ಅಂದ್ರ ಸ್ವಭಾವ! ನಿಮ್ಮ ರೂಲಿಗೆ ಬರೋಬ್ಬರಿ ಆತಿಲ್ಲ?"

"ಅತ್ತಿ, ಹೆಸರನ್ನ ಟೆಸ್ಟ್ ಮಾಡಬೇಕು," ಎಂದಳು ಶ್ರಾವ್ಯಾ ಮೆಲ್ಲಗೆ.

ಪರೀಕ್ಷೆಗಳೂ ಒಂದೆರಡಲ್ಲ. ಗೊತ್ತಿಲ್ಲದವರು ಒಮ್ಮೆ ಕೇಳಿ ತಿರುಗಿ ಹೇಳಬಲ್ಲರೇ? ಒಮ್ಮೆ ಕೇಳಿ ಮೊಬೈಲಿನಲ್ಲಿ ಹುಡುಕಬಲ್ಲರೇ? ಬೇರೆ ಯಾವ ಕಲಾವಿದರೂ ಅದನ್ನು ಇಟ್ಟುಕೊಂಡಿಲ್ಲವೇ? ಯಾವುದಾದರೂ ಕತೆಯ ಪಾತ್ರದ ಹೆಸರಾಗಿಬಿಟ್ಟಿಲ್ಲವೇ? ಮರಾಠಿ, ಹಿಂದಿ, ಗುಜರಾತಿಯಲ್ಲಿ ಕೆಟ್ಟ ಅರ್ಥವೇನಾದರೂ ಇದೆಯೇ? ಎಲ್ಲಕ್ಕಿಂತ ಮುಖ್ಯವಾದದ್ದು, ಗದ್ದಲದಲ್ಲಿ ಯಾರಾದರೂ ಹಾಗೆ ಕೂಗಿದರೆ ನಾವು ತಟ್ಟನೆ ತಿರುಗಿ ನೋಡುತ್ತೇವೆಯೇ?

ನಾನು ರೋಷನಬಿಯನ್ನು ಕರೆದು ನಿಲ್ಲಿಸಿ ಹೆಸರು ಹೇಳಿದೆ.

"ಕ್ಯಾ ಬೋಲೇ ಆಪಾ? ಫಿರ್ ಸೆ ಬೋಲೊ."

ಹೇಳಿದೆ.

"ಔರ್ ಏಕ್ ಬಾರ್."

ಹೇಳಿದೆ.

"ಹೌದ್ರಿ ಆಪಾ, ಹೆಸರು ಭಾಳ ದೊಡ್ಡದೈತಿ. ಹೇಳಾಕ ಹೋದ್ರ ಬಾಯಾಗಿನ ಪಿನ್ನ ನುಂಗತೀನಿ. ಇಷ್ಟ ದೊಡ್ಡ ಹೆಸರು ಇಷ್ಟ ಸಣ್ಣ ಹುಡುಗಿಗ್ಯಾಕ?" ಎಂದು ಅವಳು ಹೊಲಿಗೆಗೆ ಹೋದಳು.

"ದೊಡ್ಡದು ಅಂದಳು, ಕೇಳಿದಿರೇನು?" ಎಂದು ನಾನು ಬೀಗಿದೆ. ಮುಂದೆ ಇನ್‌ಸ್ಟಾದಲ್ಲಿ ಹುಡುಕಿಸಿದೆ. ಹಂಸಗರ್ಜಿನಿ ಎಂಬ ಹೆಸರಿನಲ್ಲಿ ಭೂಮಂಡಲದಲ್ಲೇ ಒಬ್ಬರೂ ಇರಲಿಲ್ಲ!

"ಯಾರ ಇಟ್ಕೋತಾರ!" ಎಂದರು ಪತಿ.

"ನೀವು ಗಪ್ ಕೂಡ್ರಿ!"

ಕೊನೆಯ ಪರೀಕ್ಷೆ ನಾನೇ ಮಾಡಿದೆ. ಶ್ರಾವ್ಯಾ ಬಾಲ್ಕನಿಯಲ್ಲಿ ಗರಿಗೆ ಬಣ್ಣ ಬಳಿಯುತ್ತಿದ್ದಾಗ ಅಡುಗೆಮನೆಯಿಂದ "ಹಂಸಗರ್ಜಿನೀ!" ಎಂದು ಕೂಗಿದೆ. ಎದುರು ಬಿಲ್ಡಿಂಗಿನ ಪಾರಿವಾಳಗಳೆಲ್ಲ ಹಾರಿದವು. ಕೆಳಗಿಂದ ವಾಚ್‌ಮನ್ ಮರೆಪ್ಪ "ಏನಾತ್ರಿ ಅಕ್ಕಾರ?" ಎಂದು ಕೇಳಿದ. ಶ್ರಾವ್ಯಾ ತಿರುಗಲಿಲ್ಲ. ಕೆಲಸದಲ್ಲಿ ಮುಳುಗಿದ್ದಾಳೆ ಎಂದು ನಾನು ಪಾಸು ಮಾಡಿದೆ!

ಗಡುವು ಹತ್ತಿರವಾಯಿತು. ಅವಳ ಎರಡೂ ಕೈಗೆ ಅಂಟು. ಫೋನು ನನ್ನ ಕೈಗೆ ಬಂತು.

"ಅತ್ತಿ, ಅಲ್ಲಿ ನಂದು ಹೆಸರು..."

"ಹೌದವಾ, ನಿಂದ ಹೆಸರ ಬರಿಯಾಕತ್ತೀನಿ!"

ವೇದಿಕೆಯ ಹೆಸರು ಎಂದಿದ್ದಲ್ಲಿ ಹಂಸಗರ್ಜಿನಿ ಎಂದು ತುಂಬಿದೆ. ನಿರೂಪಕರು ಓದಲು ಎರಡು ಸಾಲು ಪರಿಚಯ ಬೇಕಂತೆ. ಪರಿಚಯವೆಂದರೆ ಕೇಳಬೇಕೆ! 'ಇವಳ ಒಂದು ಗರ್ಜನೆಗೆ ಇಡೀ ಖಾಡಿ ಕಂಪಿಸುತ್ತದೆ, ಶತ್ರುಗಳು ಸಮುದ್ರ ಸೇರುತ್ತಾರೆ' ಎಂದು ನನಗೆ ಬರುವ ಹಿಂದಿಯಲ್ಲಿ ಬಾರಿಸಿ, ಕಳಿಸು ಎಂಬಲ್ಲಿ ಒತ್ತಿಯೇಬಿಟ್ಟೆ. ಆಮೇಲೆ ಅವಳಿಗೆ ತೋರಿಸಿದೆ.

ಅವಳು ನೋಡಿದಳು. ಮೆಲ್ಲಗೆ ಒಂದು ಕಾಲು ಮಡಚಿಕೊಂಡಳು. ಹಾಗೇ ನಿಂತಳು. ಕೊನೆಗೆ, "ಚಲೋ ಐತಿ ಅತ್ತಿ. ಥ್ಯಾಂಕ್ಯೂ," ಎಂದಳು.

"ಕೂಸಿಗೆ ಆನಂದಕ್ಕ ಮಾತ ಹೊಂಡವಲ್ಲದು," ಎಂದೆ.

"ಆಕಿ ಒಂಟಿಗಾಲ ಮ್ಯಾಲೆ ನಿಂತಾಳ," ಎಂದರು ಶಶಿಕಾಂತ. "ಆನಂದ ಅಲ್ಲ ಅದು."

ಸ್ಪರ್ಧೆಯ ದಿನ ಭಾನುವಾರ. ಸೋದರತ್ತೆಯ ಕೈಯಿಂದ ಶ್ರಾವ್ಯಾಳ ಎರಡನೇ ನಾಮಕರಣ ಮಹೋತ್ಸವಕ್ಕೆ ಎಲ್ಲರೂ ಬರತಕ್ಕದ್ದು ಎಂದು ನಾನು ಬಂಧುಗಳ ಗುಂಪಿನಲ್ಲಿ ಡಂಗುರ ಸಾರಿದ್ದೆ. ತಮ್ಮಂದಿರ ಹೆಂಡತಿಯರು, ಚಿಕ್ಕವ್ವಂದಿರು, ಅವರ ಸೊಸೆಯರು ಎಲ್ಲರೂ ಇಳಕಲ್ ಸೀರೆ ಉಟ್ಟು ಬಂದರು. ಅಣ್ಣ ಗುರುಪಾದ ಟೈಲ್ಸ್ ಹಾಕುವ ಮೇಸ್ತ್ರಿ. ಕೆಲಸಕ್ಕೆ ರಜೆ ಹೇಳಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. 'ಹಂಸಗರ್ಜಿನಿಗೆ ಜಯವಾಗಲಿ' ಎಂಬ ಬ್ಯಾನರ್ ಕೂಡ ಮಾಡಿಸಿದ್ದೆ. ರೆಕ್ಕೆಗಳು ಟೆಂಪೋದಲ್ಲಿ, ನಾವು ಮೆಟ್ರೋದಲ್ಲಿ, ಅಂಧೇರಿಯಿಂದ ಲೋಕಲ್‌ನಲ್ಲಿ. ಆ ಬ್ಯಾನರಿನ ಕೋಲು ಲೇಡೀಸ್ ಡಬ್ಬಿಯಲ್ಲಿ ಯಾರ್ಯಾರನ್ನು ತಿವಿಯಿತು ಎಂಬುದನ್ನು ಇಲ್ಲಿ ಹೇಳುವುದು ಬೇಡ.

ಹಾಲಿನ ಬಾಗಿಲಲ್ಲಿ ವೇಷಗಳ ತಪಾಸಣೆ. ಸ್ವಯಂಸೇವಕರು ಈಟಿಯ ತುದಿ ಒತ್ತಿ ನೋಡಿದರು, ಮೆತ್ತಗಿದೆಯೇ, ಒಳಗೆ ಲೋಹವಿದೆಯೇ ಎಂದು. ರೆಕ್ಕೆಗೆ ಸೈ ಎಂದರು. ನಮ್ಮ ಬ್ಯಾನರಿನ ಕೋಲನ್ನು ಮಾತ್ರ ಕಸಿದುಕೊಂಡರು! ಒಳಗೆ ನೋಡಿದರೆ ರಾಕ್ಷಸರು ವಡಾಪಾವ್ ತಿನ್ನುತ್ತಿದ್ದಾರೆ, ರೋಬೋಟುಗಳು ಬಾತ್‌ರೂಮಿಗೆ ಸಾಲು ನಿಂತಿದ್ದಾರೆ. ಇಳಕಲ್ ಸೀರೆಯ ನಮ್ಮ ತಂಡವನ್ನು ಕಂಡು ಒಬ್ಬ ಹುಡುಗ, "ಆಂಟಿ, ನೀವೆಲ್ಲ ಗ್ರೂಪ್ ಕಾಸ್‌ಪ್ಲೇ ಏನು?" ಎಂದು ಹಿಂದಿಯಲ್ಲಿ ಕೇಳಿ ಫೋಟೋ ತೆಗೆಸಿಕೊಂಡ.

ಶ್ರಾವ್ಯಾಳ ಕೊರಳಿಗೆ ಬ್ಯಾಡ್ಜು ಬಂತು. ಹೆಸರು ಉದ್ದವಾಗಿದ್ದರಿಂದ ಅಕ್ಷರಗಳನ್ನು ಎಷ್ಟು ಸಣ್ಣಗೆ ಹಾಕಿದ್ದರೆಂದರೆ, ಓದಬೇಕಾದವರು ಅವಳ ಕೊರಳಿಗೇ ಬರಬೇಕಿತ್ತು. ವೇದಿಕೆಯ ಹಿಂದೆ ಹೊರಟವಳು ನನ್ನ ಸೆರಗು ಜಗ್ಗಿದಳು. "ಅತ್ತಿ, ಅವರು ಗರ್ಜನೆ ಮಾಡು ಅಂದ್ರ?" ಎಂದಳು.

"ಮಾಡಿಬಿಡು!" ಎಂದೆ. ನನಗೆ ಸುಲಭ!

ಅವಳ ಸರದಿ ಬಂತು. ನಿರೂಪಕ ಶರಣು ಎಂಬ ಲವಲವಿಕೆಯ ಹುಡುಗ. ಕಾರ್ಡು ನೋಡಿ ಒಮ್ಮೆ ಉಸಿರು ತೆಗೆದುಕೊಂಡು, ಅಕ್ಷರ ಅಕ್ಷರಕ್ಕೂ ನಿಂತು ನಿಂತು ಹೆಸರನ್ನು ದಡ ಮುಟ್ಟಿಸಿದ. ಪರಿಚಯ ಓದುತ್ತಿದ್ದಂತೆ ಅವನಿಗೆ ಉತ್ಸಾಹ ಉಕ್ಕಿತು.

"ಜಿಸ್‌ಕೀ ಏಕ್ ದಹಾಡ್ ಸೆ ಪೂರೀ ಖಾಡಿ ಕಾಂಪ್ ಉಠತೀ ಹೈ! ಕ್ಯಾ ಬಾತ್ ಹೈ! ತೋ ಪಬ್ಲಿಕ್, ಏಕ್ ದಹಾಡ್ ತೋ ಬನ್‌ತೀ ಹೈ ನಾ?"

"ಹಾಂ!" ಎಂದು ಇಡೀ ಸಭೆ ಒಂದು ಗರ್ಜನೆ ಆಗಲೇಬೇಕೆಂದು ಒಪ್ಪಿತು. ಅವನು ಮೈಕನ್ನು ಶ್ರಾವ್ಯಾಳ ಬಾಯಿಗೆ ಹಿಡಿದ.

ಶ್ರಾವ್ಯಾ ಬಾಯಿ ತೆರೆದಳು. ಮುಚ್ಚಿದಳು.

ಜನ "ದಹಾಡ್! ದಹಾಡ್!" ಎಂದು ಚಪ್ಪಾಳೆ ಹೊಡೆಯತೊಡಗಿದರು. ಅವಳ ರೆಕ್ಕೆ ನಡುಗುವುದು ನನಗೆ ಕುಳಿತಲ್ಲಿಂದಲೇ ಕಾಣುತ್ತಿತ್ತು. ಅವಳು ಇಳಿಯುವ ಮೆಟ್ಟಿಲ ಕಡೆ ನೋಡಿದಳು. ಶೀತಲ್ ವೈನಿ ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆಯಬೇಕು. ಹಾರೈಸಿ ಇಟ್ಟ ಹೆಸರು ನನ್ನ ಹುಡುಗಿಯನ್ನು ಮತ್ತೆ ವೇದಿಕೆಯಿಂದ ಓಡಿಸಲಿದೆ! ತೊಟ್ಟಿಲ ಕೂಸಿನ ಗುಣ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೆ ನಮ್ಮ ಆಸೆಯನ್ನು ಹೆಸರಾಗಿಸಿ ಇಡುತ್ತೇವೆ. ಇವಳು ತೊಟ್ಟಿಲ ಕೂಸೇ? ಇವಳ ಗುಣ ಇವಳಲ್ಲಿ ಆಗಲೇ ಬೆಳೆದು ನಿಂತಿದೆ. ಈ ಹೆಸರು ಅದನ್ನು ಹೇಳಬೇಕಿತ್ತು. ಅದು ನನಗೆ ಹೊಳೆಯಬೇಕಾದ ಹೊತ್ತೇ ಇದು? ಆದರೆ ಆಗ ಯೋಚಿಸುತ್ತಾ ಕೂರುವ ಸಮಯವಿರಲಿಲ್ಲ. ಹೇಗಾದರೂ ಮಾಡಿ ಒಂದು ಗರ್ಜನೆ ಬೇಕಾಗಿತ್ತು. ನಾನು ಎದ್ದು ನಿಂತೆ.

ಗರ್ಜಿಸಿದೆ.

ಅದು ಎಂಥ ಗರ್ಜನೆ ಎಂದು ನನ್ನ ಬಾಯಿಂದ ನಾನೇ ಹೇಳಿಕೊಳ್ಳಬಾರದು. ಮುಂದಿನ ಸಾಲಿನ ರಾಕ್ಷಸನ ಕೊಂಬು ಕಳಚಿ ಬಿತ್ತು. ಒಬ್ಬ ರೋಬೋಟ್ ತನ್ನ ಅವ್ವನನ್ನು ನೆನೆದ. ತೀರ್ಪುಗಾರರಲ್ಲಿ ವಿಜೇತಾ ಎಂಬ ಹೆಣ್ಣುಮಗಳು ಕುಡಿಯುತ್ತಿದ್ದ ನೀರನ್ನು ಪಕ್ಕದವರ ಮೇಲೆ ಸಿಂಪಡಿಸಿದಳು. ಮೈಕೇ ಇಲ್ಲದೆ ಹಾಲಿನ ಸ್ಪೀಕರುಗಳು ಕುಂಯ್ ಎಂದವು!

"ಯೇ... ಯೇ ಕಹಾಂ ಸೆ ಆಯಾ?" ಎಂದ ಶರಣು, ಕಂಬದ ಹಿಂದಿನಿಂದ.

ನನ್ನ ಬಂಧುಬಳಗ ಇದ್ದಷ್ಟೂ ಬೆರಳುಗಳನ್ನು ನನ್ನ ಕಡೆ ತೋರಿಸಿತು. ಪತಿದೇವರು ಎರಡೂ ಕೈಯಿಂದ ತೋರಿಸಿದರು.

ಸಭೆ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲೆ ಶ್ರಾವ್ಯಾಳ ಭುಜಗಳು ಕುಣಿಯುತ್ತಿದ್ದವು. ಅಳುತ್ತಿದ್ದಾಳೆಂದು ನನ್ನ ಜೀವ ಹಾರಿತು. ಅಲ್ಲ, ನಗುತ್ತಿದ್ದಳು! ನಕ್ಕು ನಕ್ಕು ಅವಳ ನಡುಕ ನಿಂತುಹೋಯಿತು. ಕೈಚಾಚಿ ಶರಣುವಿನಿಂದ ಮೈಕು ತೆಗೆದುಕೊಂಡಳು.

"ಸಾರಿ. ಯೇ ನಾಮ್ ಮೇರಾ ನಹೀಂ ಹೈ. ಮೇರೀ ಆತ್ಯಾ ಕಾ ಹೈ."

ಈ ಹೆಸರು ನನ್ನದಲ್ಲ, ಆತ್ಯಾಳದು ಎಂದುಬಿಟ್ಟಳು! ಆತ್ಯಾ ಎಂದರೆ ಸೋದರತ್ತೆ ಎಂದು ಮುಂಬಯಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮತ್ತೊಂದು ನಗೆ.

"ತೋ ತುಮ್ಹಾರಾ ನಾಮ್?" ಎಂದು ವಿಜೇತಾ ಕೇಳಿದಳು.

"ಗಪ್‌ಮಿಂಗೊ."

ಮೂರು ಸಲ ಬಾಯಿ ಬಿಟ್ಟು ನನ್ನಿಂದ ಬಾಯಿ ಮುಚ್ಚಿಸಿಕೊಂಡ ಹೆಸರು ಇದೇ ಇರಬೇಕು! ಗಪ್, ಮಿಂಗೊ. ಮರಾಠಿಯವರಿಗೂ ಗಪ್ ಎಂದರೆ ಸುಮ್ಮನೆ, ನಮಗೂ ಅದೇ. ಹಕ್ಕಿಯ ಬಾಲ ಹಿಡಿದು ತನ್ನ ಸ್ವಭಾವವನ್ನು ಅದರ ತಲೆಯಾಗಿ ಕೂರಿಸಿದ್ದಳು ಹುಡುಗಿ.

"ಯೇ ನಾಮ್ ಕ್ಯೂಂ?" ತೀರ್ಪುಗಾರ್ತಿ ಬಿಡಲಿಲ್ಲ. ವೇಷಕ್ಕೂ ಹೆಸರಿಗೂ ತೊಟ್ಟವರಿಗೂ ಹೊಂದುತ್ತದೆಯೇ ಎಂದು ನೋಡುವುದು ಅವರ ಕೆಲಸ.

ಶ್ರಾವ್ಯಾ ಮೈಕನ್ನು ಹತ್ತಿರ ಹಿಡಿದಳು. "ಫ್ಲೆಮಿಂಗೊ ಕೀಚಡ್ ಮೆ ಖಡೀ ರಹತೀ ಹೈ. ಮೈ ಭೀ ಗಪ್ ರಹತೀ ಹೂಂ. ಲೇಕಿನ್ ಹಟ್‌ತೀ ನಹೀಂ."

ಕೆಸರಲ್ಲಿ ನಿಲ್ಲುತ್ತೇನೆ, ಸುಮ್ಮನಿರುತ್ತೇನೆ, ಆದರೆ ಸರಿಯುವುದಿಲ್ಲ. ಇಷ್ಟೇ ಹೇಳಿ ಮೈಕು ಹಿಂತಿರುಗಿಸಿ, ಒಂದು ಕಾಲು ಮಡಚಿ, ಈಟಿ ಊರಿ, ಎರಡೂ ರೆಕ್ಕೆ ಅಗಲಿಸಿ ನಿಂತುಬಿಟ್ಟಳು. ಮಿಸುಕಲಿಲ್ಲ. ಶರಣು ತಾನಾಗಿ ದನಿ ತಗ್ಗಿಸಿದ. ಗದ್ದಲದ ಆ ಹಾಲು ಮೆಲ್ಲಮೆಲ್ಲಗೆ ಸುಮ್ಮನಾಯಿತು. ನನ್ನ ಮದುವೆಯಾದ ಮೇಲೆ ಮೊದಲ ಬಾರಿಗೆ ನಾನೂ ಸುಮ್ಮನಿದ್ದೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ "ಗಪ್‌ಮಿಂಗೊ!" ಎಂದರು. ಪಕ್ಕದವರು ಎಂದರು. ನೋಡುನೋಡುತ್ತ ಇಡೀ ಸಭೆ "ಗಪ್-ಮಿಂಗೊ! ಗಪ್-ಮಿಂಗೊ!" ಎಂದು ತಾಳ ಹಾಕಿತು. ಒಮ್ಮೆ ಕೇಳಿದ್ದೇ ಎಲ್ಲರ ಬಾಯಿಗೂ ಬಂದುಬಿಟ್ಟಿತ್ತು. ನಾನಿಟ್ಟ ಹೆಸರನ್ನು ಇನ್ನೂ ನನ್ನ ಅಣ್ಣನೇ ಕಲಿತಿರಲಿಲ್ಲ.

ಅಣ್ಣ ಮುಖ ತಿರುಗಿಸಿ ಕಣ್ಣು ಉಜ್ಜಿಕೊಳ್ಳುತ್ತಿದ್ದ. ನಾನು ಉಜ್ಜಿಕೊಳ್ಳಲಿಲ್ಲ, ಧಾರಾಳವಾಗಿ ಅತ್ತೆ!

ಬಹುಮಾನ ಒಂದು ಡ್ರ್ಯಾಗನ್ನಿಗೆ ಹೋಯಿತು. ಇರಲಿ, ಅದಕ್ಕೆ ಬಾಯಿಂದ ಹೊಗೆ ಬರುತ್ತಿತ್ತು. ಆದರೆ ಶ್ರಾವ್ಯಾ ಹೊರಗೆ ಬಂದಾಗ ಜಂಗುಳಿಯ ನಡುವಿನಿಂದ ಯಾರೋ "ಗಪ್‌ಮಿಂಗೊ, ಫೋಟೊ!" ಎಂದು ಕೂಗಿದರು. ಅವಳು ತಟ್ಟನೆ ತಿರುಗಿದಳು. ಆ ಪರೀಕ್ಷೆಯಲ್ಲಿ ಪಾಸಾಗುವುದು ಹೇಗಿರುತ್ತದೆಂದು ನಾನು ಆಗ ಕಣ್ಣಾರೆ ಕಂಡೆ.

"ಯಾಕ ಹೇಳಲಿಲ್ಲವಾ ಮೊದಲ?" ಎಂದು ನಾಚಿಕೆಯಿಂದ ಕೇಳಿದೆ.

"ನೀ ಅಷ್ಟ ಖುಷಿಯಾಗಿದ್ದಿ ಅತ್ತಿ," ಎಂದಳು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ವಾಸಿ!

ಅವಳು ಕೊರಳಿನ ಬ್ಯಾಡ್ಜು ತೆಗೆದು ನೋಡಿದಳು. ಪಾಪ, ಹಂಸಗರ್ಜಿನಿ ಅನಾಥಳಾಗಿದ್ದಳು. ನಾನು ಗಂಟಲು ಸರಿಪಡಿಸಿಕೊಂಡು, "ನಂದ ಹೆಸರು ಅಂತ ಸ್ಟೇಜ್ ಮ್ಯಾಲೆ ನೀನ ಅಂದಿ. ಕೊಡು, ನಾ ಹಾಕ್ಕೋತೀನಿ," ಎಂದೆ. ಕಳೆದ ಮರ್ಯಾದೆಯಲ್ಲಿ ಇಷ್ಟಾದರೂ ಉಳಿಯಲಿ!

"ಬರೋಬ್ಬರಿ ಆಗೂದಿಲ್ಲ ಅತ್ತಿ. ಸ್ವಭಾವ ಮ್ಯಾಚ್ ಆಗತೈತಿ, ಕಾಸ್ಟ್ಯೂಮ್ ಆಗೂದಿಲ್ಲ. ಹಂಸ ಎಲ್ಲೈತಿ? ನೀ ಇಳಕಲ್ ಉಟ್ಟಿ."

"ಸ್ವಭಾವಕ್ಕ ಬಲ್ಲವರನ್ನ ಕೇಳಬೇಕಲ್ಲ?" ಎಂದರು ಶಶಿಕಾಂತ, ಇಷ್ಟು ವರ್ಷ ಈ ಅವಕಾಶಕ್ಕೇ ಕಾದವರಂತೆ. "ಮಿಲ್ಲಿನ ಭೋಂಗಾ!"

ಹಳೆಯ ಮಿಲ್ಲುಗಳ ಪಾಳಿ ಬದಲಾದಾಗ ಕೂಗುತ್ತಿದ್ದ ಸೈರನ್ನಿಗೆ ಮುಂಬಯಿಯಲ್ಲಿ ಭೋಂಗಾ ಎನ್ನುತ್ತಾರೆ. ಬಂಧುಬಳಗ ಒಮ್ಮತದಿಂದ ತಲೆಯಾಡಿಸಿತು. ಶ್ರಾವ್ಯಾ ಬ್ಯಾಡ್ಜನ್ನು ತಿರುವಿ, ಹಿಂದಿನ ಬಿಳಿ ಬದಿಯಲ್ಲಿ ಮಾರ್ಕರಿನಿಂದ ದೊಡ್ಡದಾಗಿ ಏನೋ ಬರೆದು, ನನ್ನ ಕೊರಳಿಗೆ ಹಾಕಿದಳು. ಆಮೇಲೆ ಗುಲಾಬಿ ರೆಕ್ಕೆ ಮಡಚಿ ಬಗ್ಗಿ, ನನ್ನ ಕಿವಿಗೆ ಬಾಯಿಟ್ಟು ಮೆಲ್ಲಗೆ ಅಂದಳು:

"ಕುರ್ರ್... ಇಳಕಲ್ ಭೋಂಗಾ!"

ನನ್ನ ಬಂಧುಬಳಗದ ಹೆಂಗಸರಿಗೆ ಅಷ್ಟು ಸಾಕಾಯಿತು. ಎಲ್ಲರೂ ತೋಳೇರಿಸಿ ನನ್ನ ಹಿಂದೆ ಬಂದು ನಿಂತರು.

"ಏ, ಏ! ಇದೆಂಥಾ ಪದ್ಧತಿ!" ಎಂದು ನಾನು ಕಿರುಚಿದೆ. "ಗುದ್ದೂದು ಹೆಸರಿಟ್ಟಾಕಿಗೆ! ಹೆಸರು ಇಟ್ಟಾಕಿ ಶ್ರಾವ್ಯಾ! ಹೋಗಿ ಆಕಿ ಬೆನ್ನಿಗೆ ಗುದ್ದ್ರಿ!"

"ಆಕಿ ಬೆನ್ನಿಗೆ ರೆಕ್ಕಿ ಅದಾವ," ಎಂದರು ಶೀತಲ್ ವೈನಿ, ಮುಷ್ಟಿ ಎತ್ತುತ್ತಾ.